ಧರ್ಮ ಶಿಕ್ಷಕರ ಬೀಳ್ಕೊಡುಗೆ ಭಾಷಣ: ಎಂಟು ನಿಮಿಷ, ಒಂದು ಪ್ರಶ್ನೆ

ಗಣಿತದ ಮೇಷ್ಟ್ರು ನಿವೃತ್ತರಾಗುವ ದಿನ ಅವರು ಲೆಕ್ಕ ಹೇಳಿಕೊಡುತ್ತಾರೆಂದು ಯಾರೂ ಕಾಯುವುದಿಲ್ಲ. ಧರ್ಮ ಶಿಕ್ಷಣ ಕಲಿಸಿದವರು ಮೈಕಿನ ಮುಂದೆ ಬಂದರೆ ಮಾತ್ರ ಸಭೆ ಉಪದೇಶಕ್ಕೆ ಸಿದ್ಧವಾಗಿ ಕೂರುತ್ತದೆ, ಮಾತಾಡುವವರೂ ಬಹಳ ಸಲ ಅದನ್ನೇ ಕೊಡುತ್ತಾರೆ. ಇಪ್ಪತ್ತೈದು ನಿಮಿಷದ ಪ್ರವಚನ ಮುಗಿಯುವ ಹೊತ್ತಿಗೆ ಮಕ್ಕಳು ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತಿರುತ್ತಾರೆ. ಜೊತೆಗಿದ್ದ ಶಿಕ್ಷಕರಿಗೆ ತಮ್ಮ ಹೆಸರು ಬಂದಿತೋ ಇಲ್ಲವೋ ಎಂಬುದೊಂದೇ ನೆನಪಿರುತ್ತದೆ. ಹಾಗಾಗದಂತೆ ಈ ಭಾಷಣವನ್ನು ಕಟ್ಟುವುದು ಹೇಗೆ ಎಂಬುದು ಇಲ್ಲಿದೆ.

ಉದಾಹರಣೆಗೆ ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಬಳ್ಳಾರಿಯ ಒಂದು ಅನುದಾನಿತ ಪ್ರೌಢಶಾಲೆ, ಕ್ರೈಸ್ತ ಆಡಳಿತ ಮಂಡಳಿಯದು. ನಿವೃತ್ತರಾಗುವ ಟೀಚರ್ ಸಮಾಜ ವಿಜ್ಞಾನ ಹೇಳುವವರು. ಅದರ ಜೊತೆಗೆ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದ ಮಕ್ಕಳಿಗೆ ಮೌಲ್ಯ ಶಿಕ್ಷಣದ ಪಿರಿಯಡ್ ತೆಗೆದುಕೊಂಡವರು. ಎದುರಿಗೆ ಕೂತ ಮಕ್ಕಳಲ್ಲಿ ಲಿಂಗಾಯತರು, ಮುಸಲ್ಮಾನರು, ವಾಲ್ಮೀಕಿ ಸಮುದಾಯದವರು, ಕ್ರೈಸ್ತರು ಎಲ್ಲರೂ ಇದ್ದಾರೆ. ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಉರ್ದು ಆಡುವವರೂ ಇದ್ದಾರೆ.

ಮೊದಲು ದಿನ ಗೊತ್ತುಮಾಡಿ

ಕರ್ನಾಟಕದಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ ಶಿಕ್ಷಕರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. 1ನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ಕೊನೆ. ನಮ್ಮ ಹಳೇ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸಿದ ದಿನ ಗುರುಗಳೇ ಬರೆದ ಜೂನ್ 1 ಜನ್ಮದಿನವಾಗಿದೆ. ಅಂಥವರ ನಿವೃತ್ತಿ ಮೇ 31ಕ್ಕೆ ಬೀಳುತ್ತದೆ. ಬೇಸಿಗೆ ರಜೆ ಆಗಷ್ಟೇ ಮುಗಿಯುತ್ತಿರುವ ಹೊತ್ತು ಅದು, ಹತ್ತನೇ ತರಗತಿಯವರು ಶಾಲೆ ಬಿಟ್ಟು ಹೋಗಿ ಎರಡು ತಿಂಗಳಾಗಿರುತ್ತದೆ. ಆ ದಿನ ಸಮಾರಂಭ ಇಟ್ಟರೆ ಭಾಷಣ ಕೇಳಲು ಕುರ್ಚಿಗಳೇ ಉಳಿದಾವು.

ಆದ್ದರಿಂದ ಮಕ್ಕಳಿರುವ ಬೀಳ್ಕೊಡುಗೆಯನ್ನು ರಜೆ ಶುರುವಾಗುವ ಮೊದಲಿನ ಒಂದು ಶನಿವಾರ ಬೆಳಿಗ್ಗೆ ಇಡಲು ಮುಖ್ಯ ಗುರುಗಳನ್ನು ಕೇಳಿಕೊಳ್ಳಿ. ಶನಿವಾರ ಹೇಗೂ ಬೆಳಗಿನ ಶಾಲೆ. ಎಂಟೂವರೆಗೆ ಶುರುವಾದರೆ ಹತ್ತಕ್ಕೆ ಮುಗಿಯಬೇಕು. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಿಯೇ ಆದರೂ ಹನ್ನೊಂದು ಗಂಟೆಗೆ ಶಾಮಿಯಾನದ ಕೆಳಗೆ ಕೂರುವುದು ಮಕ್ಕಳಿಗೆ ಶಿಕ್ಷೆ. ಮೇ 31ರ ದಿನಕ್ಕೆ ಬೇರೆಯದೇ ಚಿಕ್ಕ ಮಾತು ಬೇಕಾಗುತ್ತದೆ, ಅದನ್ನು ಕೊನೆಯಲ್ಲಿ ನೋಡೋಣ.

ನಿಮ್ಮ ಸರದಿ ಬರುವ ಹೊತ್ತಿಗೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ನಾಲ್ಕೈದು ಜನರ ಅನಿಸಿಕೆ, ಸನ್ಮಾನ ಪತ್ರದ ಓದು ಎಲ್ಲ ಮುಗಿದಿರುತ್ತವೆ. ಮಕ್ಕಳು ಕೂತು ಒಂದು ಗಂಟೆಯಾಗಿರುತ್ತದೆ. ಅದಕ್ಕೇ ಎಂಟು ನಿಮಿಷ ಎಂದದ್ದು. ವೇದಿಕೆಯ ಮೇಲೆ ನಿಧಾನವಾಗಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ ತೊಂಬತ್ತು ನೂರು ಪದ ಸಾಗುತ್ತವೆ. ಅಂದರೆ ಬರೆದದ್ದು ಏಳುನೂರು ಪದ ದಾಟಬಾರದು, ಉಳಿದ ಹೊತ್ತು ಚಪ್ಪಾಳೆಗೂ ಗಂಟಲು ಕಟ್ಟುವುದಕ್ಕೂ ಹೋಗುತ್ತದೆ. ನಿಮ್ಮ ವೇಗ ಬೇರೆ ಇರಬಹುದು. ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು ಒಂದು ಪುಟ ಗಟ್ಟಿಯಾಗಿ ಓದಿ ಅಳೆಯಿರಿ.

ಬಂಡವಾಳ ಎಲ್ಲಿದೆ

ಧರ್ಮ ಶಿಕ್ಷಕರು ಭಾಷಣ ಬರೆಯಲು ಕೂತಾಗ ಕೈ ಮೊದಲು ಹೋಗುವುದು ಶಾಸ್ತ್ರಗ್ರಂಥದ ಕಡೆಗೆ. ಅಲ್ಲಿಂದ ಶುರುವಾದದ್ದು ಪ್ರವಚನವಾಗಿಯೇ ಮುಗಿಯುತ್ತದೆ. ಬದಲಿಗೆ ಸಮಾರಂಭಕ್ಕೆ ಮೂರು ವಾರ ಇರುವಾಗಲೇ ಹಳೆಯ ಪಾಠದ ಡೈರಿಗಳನ್ನು ತೆಗೆಯಿರಿ. ತರಗತಿಯಲ್ಲಿ ಮಕ್ಕಳು ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು ನೆನಪಾದಷ್ಟು ಒಂದು ಹಾಳೆಯಲ್ಲಿ ಬರೆಯಿರಿ. ಬೇರೆ ವಿಷಯಗಳಲ್ಲಿ ಮಕ್ಕಳು ಪಾಠ ತಿಳಿಯದೆ ಪ್ರಶ್ನೆ ಕೇಳುತ್ತಾರೆ. ಈ ಪಿರಿಯಡ್‌ನಲ್ಲಿ ಮನೆಯಲ್ಲಿ ನಡೆದದ್ದಕ್ಕೆ ಕೇಳುತ್ತಾರೆ: ಅಜ್ಜಿ ಸತ್ತಿದ್ದು, ಅಪ್ಪ ಕುಡಿಯುವುದು, ಗೆಳತಿಯ ಮನೆಯಲ್ಲಿ ನೀರು ಕೊಡದಿದ್ದದ್ದು. ನಿಮ್ಮ ಶಾಲೆಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಸಾಮಗ್ರಿ ಇದು.

ಹತ್ತು ಪ್ರಶ್ನೆ ಸಿಕ್ಕರೆ ಒಂದನ್ನೇ ಇಟ್ಟುಕೊಳ್ಳಿ. ಆರಿಸುವಾಗ ಮೂರು ಸಂಗತಿ ನೋಡಿ. ಆ ಮಗು ಯಾರೆಂದು ಸಭೆಯಲ್ಲಿ ಯಾರಿಗೂ ಗೊತ್ತಾಗಬಾರದು, ಆದ್ದರಿಂದ ಈಗ ಓದುತ್ತಿರುವ ಮಕ್ಕಳ ಪ್ರಶ್ನೆ ಬೇಡ. ಯಾವ ಮತದ ಆಚರಣೆಯೂ ನಗೆಪಾಟಲಾಗಬಾರದು. ಮತ್ತು ಆ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಎಲ್ಲೋ ಸೋತಿರಬೇಕು. ಮಗು ಕೇಳಿತು, ನಾನು ಅದ್ಭುತವಾಗಿ ಉತ್ತರಿಸಿದೆ, ಮಗು ಬದಲಾಯಿತು ಎನ್ನುವ ಕಥೆ ಹೊಗಳಿಕೆಯನ್ನು ತಾನೇ ಬಾಯಿಗೆ ಹಾಕಿಕೊಂಡಂತೆ. ಹೊಗಳುವ ಕೆಲಸವನ್ನು ಹಿಂದೆ ಮಾತಾಡಿದವರು ಮಾಡಿ ಮುಗಿಸಿದ್ದಾರೆ.

ಒಂದು ಉಕ್ತಿಯಾದರೂ ಇಲ್ಲದೆ ಸಮಾಧಾನವಾಗದಿದ್ದರೆ ನಮ್ಮ ನೆಲದಲ್ಲಿಯೇ ಒಂದಿದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. ರಾಯಚೂರು ಕಡೆಯವರಿಗೆ ಮಸ್ಕಿ, ಕೊಪ್ಪಳದವರಿಗೆ ಗವಿಮಠ ಮತ್ತು ಪಾಲ್ಕಿಗುಂಡು ಗೊತ್ತೇ ಇವೆ. ಬಳ್ಳಾರಿಯ ಬಂಡೆಗಳಲ್ಲಿರುವ ಎರಡನೇ ಕಿರು ಶಾಸನ ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ, ಶಿಷ್ಯರು ಗುರುವನ್ನು ಗೌರವಿಸಲಿ ಎನ್ನುತ್ತದೆ. ಸಭೆಯಲ್ಲಿ ಇದು ಯಾರ ಮತಕ್ಕೂ ಸೇರಿದ ಮಾತಲ್ಲವಾದ್ದರಿಂದ ಎಲ್ಲರೂ ಕಿವಿಗೊಡುತ್ತಾರೆ. ಆದರೆ ಗುರುವಿನ ಸಾಲನ್ನು ನೀವೇ ಹೇಳಬೇಡಿ. ಶಾಲು ಹೊದ್ದು ನಿಂತು ಗುರುವನ್ನು ಗೌರವಿಸಿ ಎಂದರೆ ಕೇಳಿದವರಿಗೆ ಮುಜುಗರ. ದಯೆ, ಸತ್ಯ ಎರಡೇ ಸಾಕು.

ಮಕ್ಕಳಿಗೆ ಮೊದಲು, ದೊಡ್ಡವರಿಗೆ ಆಮೇಲೆ

ರೂಢಿಯಲ್ಲಿ ಅಧ್ಯಕ್ಷರಿಂದ ಶುರುವಾಗಿ ವೇದಿಕೆಯ ಎಲ್ಲರ ಹೆಸರು, ಪದವಿ, ನಂತರ ಸಹೋದ್ಯೋಗಿಗಳು, ಕೊನೆಗೆ 'ಮುದ್ದು ಮಕ್ಕಳೇ' ಬರುತ್ತದೆ. ಹೆಸರಿನ ಪಟ್ಟಿಗೇ ಎರಡು ನಿಮಿಷ ಹೋಗುತ್ತದೆ, ಅದನ್ನು ನಿರೂಪಕರು ಆಗಲೇ ಎರಡು ಸಲ ಓದಿರುತ್ತಾರೆ. ಅಧ್ಯಕ್ಷರನ್ನೂ ಮುಖ್ಯ ಗುರುಗಳನ್ನೂ ಹೆಸರು ಹಿಡಿದು ನೆನೆದು, 'ವೇದಿಕೆಯ ಮೇಲಿರುವ ಎಲ್ಲ ಹಿರಿಯರಿಗೆ' ಎಂದು ಮುಗಿಸಿ. ನಮಸ್ಕಾರ, ಸಲಾಂ, ಶರಣು, ಸ್ತೋತ್ರ ಎಂದು ನಾಲ್ಕನ್ನೂ ಸಾಲಾಗಿ ಹೇಳುವ ಅಭ್ಯಾಸ ಈಗ ಹೆಚ್ಚಾಗಿದೆ. ರಾಜಕೀಯ ಸಭೆಯ ವಾಸನೆ ಅದರಲ್ಲಿದೆ. ದಿನಾ ತರಗತಿಗೆ ಬಂದಾಗ ಮಕ್ಕಳು ಏನು ಹೇಳುತ್ತಿದ್ದರೋ ಅದನ್ನೇ ನೀವೂ ಹೇಳಿ.

ನೆಲದ ಮೇಲೆ ಕೂತವರ ಗಮನ ಮೊದಲು ಜಾರುವುದರಿಂದ ಮೊದಲ ನಾಲ್ಕು ನಿಮಿಷ ಅವರಿಗೇ ಕೊಡಿ: ಆ ಒಂದು ಪ್ರಶ್ನೆ, ಅದರಿಂದ ನೀವು ಕಲಿತದ್ದು, ಒಂದು ಕ್ಷಮೆ. ನಂತರದ ಮೂರು ನಿಮಿಷ ಸಹೋದ್ಯೋಗಿಗಳಿಗೆ. ಅವರಿಗೆ ಹೇಳಬೇಕಾದದ್ದು ನಿಮ್ಮ ವಿಷಯಕ್ಕೂ ಅವರ ವಿಷಯಕ್ಕೂ ನಡುವೆ ನಡೆದ ಯಾವುದೋ ಒಂದು ಸಣ್ಣ ಸಂಗತಿ. ಧರ್ಮ ಶಿಕ್ಷಣದ ಪಿರಿಯಡ್‌ಗೆ ಪಬ್ಲಿಕ್ ಪರೀಕ್ಷೆ ಇಲ್ಲ. ಆದ್ದರಿಂದ ಜನವರಿ ಬಂತೆಂದರೆ ಅದನ್ನು ಗಣಿತದವರೋ ವಿಜ್ಞಾನದವರೋ ಕೇಳಿ ಪಡೆಯುತ್ತಾರೆ. ಎಲ್ಲ ಶಾಲೆಯಲ್ಲೂ ನಡೆಯುವ ಈ ಕೊಡುಕೊಳ್ಳುವಿಕೆಯಲ್ಲಿ ಜಗಳವೂ ಇದೆ, ಪ್ರೀತಿಯೂ ಇದೆ. ಕೊನೆಯ ಒಂದು ನಿಮಿಷ ಹಾರೈಕೆಗೆ.

ಧನ್ಯವಾದವನ್ನು ಹೆಸರಿನ ಬದಲು ಕೆಲಸದ ಮೂಲಕ ಹೇಳಿದರೆ ಯಾರೂ ಬಿಟ್ಟುಹೋಗುವುದಿಲ್ಲ. ಗಂಟೆ ಹೊಡೆದವರು, ಬಿಸಿಯೂಟ ಬೇಯಿಸಿದವರು, ಸಂಬಳದ ಬಿಲ್ಲು ಮಾಡಿದವರು, ಬಾಗಿಲು ಕಾದವರು ಎಂದರೆ ನಾಲ್ಕು ವಾಕ್ಯದಲ್ಲಿ ಇಡೀ ಶಾಲೆ ಬಂತು. ಬಿಟ್ಟುಹೋದ ಹೆಸರು ಸಾಮಾನ್ಯವಾಗಿ ನಿಮ್ಮ ಪಕ್ಕದ ಕುರ್ಚಿಯವರದೇ ಆಗಿರುತ್ತದೆ. ದಿನಾ ನೋಡುವವರನ್ನು ಬರೆದುಕೊಳ್ಳಬೇಕೆಂದು ಅನಿಸುವುದೇ ಇಲ್ಲವಲ್ಲ!

ಮಾತು ಚುಚ್ಚುವ ಜಾಗಗಳು

ಈ ಭಾಷಣದಲ್ಲಿ ಹೆಚ್ಚು ಕೆಡಿಸುವ ಪದ 'ಕೂಡ'. 'ಮುಸ್ಲಿಂ ಮಕ್ಕಳು ಕೂಡ ನನ್ನ ಕ್ಲಾಸಿನಲ್ಲಿ ಚೆನ್ನಾಗಿ ಉತ್ತರ ಹೇಳುತ್ತಿದ್ದರು' ಎನ್ನುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಕೇಳುವ ಮಗುವಿಗೆ ಮಾತ್ರ ತಾನು ಹೊರಗಿನವನು, ತನ್ನಿಂದ ಇಷ್ಟನ್ನು ನಿರೀಕ್ಷಿಸಿರಲಿಲ್ಲ ಎಂದು ಕೇಳಿಸುತ್ತದೆ. 'ಸಹ', 'ಸಮೇತ', ಕೊನೆಗೆ 'ಹುಡುಗರೂ' ಎನ್ನುವಾಗ ಎಳೆಯುವ 'ಊ' ಎಲ್ಲವೂ ಅದೇ ಕೆಲಸ ಮಾಡುತ್ತವೆ. ಕರಡಿನಲ್ಲಿ ಜಾತಿ ಮತದ ಹೆಸರು ಬಂದ ಪ್ರತಿ ಸಾಲಿಗೂ ಗೆರೆ ಎಳೆಯಿರಿ. ಆ ಹೆಸರು ತೆಗೆದರೂ ವಾಕ್ಯ ನಿಲ್ಲುವುದಾದರೆ ತೆಗೆದುಬಿಡಿ. ಹತ್ತರಲ್ಲಿ ಒಂಬತ್ತು ನಿಲ್ಲುತ್ತವೆ.

ಎರಡನೆಯದು ಪ್ರಾರ್ಥನೆ. ಸಂವಿಧಾನದ 28ನೇ ವಿಧಿಯಂತೆ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಇದ್ದರೂ ಮಕ್ಕಳನ್ನು ಅದಕ್ಕಾಗಲಿ ಪೂಜೆ ಪ್ರಾರ್ಥನೆಗಾಗಲಿ ಸೇರಿಸಲು ಪೋಷಕರ ಒಪ್ಪಿಗೆ ಬೇಕು. ಧರ್ಮೋಪದೇಶದ ಪಿರಿಯಡ್‌ಗೆ ಬಾರದ ಮಕ್ಕಳೂ ಈ ಸಭೆಯಲ್ಲಿದ್ದಾರೆ. 'ಎಲ್ಲರೂ ಎದ್ದು ನಿಂತು ಪ್ರಾರ್ಥಿಸೋಣ' ಎಂದು ನೀವು ಕರೆದರೆ ಅವರಿಗೆ ಎದ್ದರೂ ಕಷ್ಟ, ಕೂತರೂ ಕಷ್ಟ. 'ನಾನು ನಂಬಿದ ದೇವರಲ್ಲಿ ನಿಮಗಾಗಿ ಕೇಳಿಕೊಳ್ಳುತ್ತೇನೆ' ಎಂದರೆ ಆ ತೊಡಕಿಲ್ಲ. ನಿಮ್ಮ ನಂಬಿಕೆಯನ್ನು ಮುಚ್ಚಿಡುವ ಅಗತ್ಯವೂ ಬರಲಿಲ್ಲ, ಬೇರೆಯವರ ತುಟಿ ಅಲುಗಬೇಕಾಗಿಯೂ ಬರಲಿಲ್ಲ.

ಮೂರನೆಯದು ಕ್ಷಮೆ. 'ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ' ಎಂಬ ಸಾಲು ಬಳಸಿ ಬಳಸಿ ಸವೆದಿದೆ. ಒಂದೇ ಒಂದು ತಪ್ಪನ್ನು ಹೆಸರಿಸಿ, ನಿಮ್ಮ ವಿಷಯಕ್ಕೆ ಸೇರಿದ್ದನ್ನು. ಬಾಯಿಪಾಠ ಬರಲಿಲ್ಲವೆಂದು ನಿಲ್ಲಿಸಿದ್ದು, ಒಂದು ಮಗುವಿನ ಮನೆಯ ಆಚರಣೆಯನ್ನು ಮೂಢನಂಬಿಕೆ ಎಂದು ಬೈದದ್ದು. ತಪ್ಪಿಗೆ ಕಾರಣ ಹೇಳಬೇಡಿ. 'ಆಗಿನ ಕಾಲ ಹಾಗಿತ್ತು' ಎಂದ ಕೂಡಲೇ ಕ್ಷಮೆ ವಾಪಸು ಪಡೆದಂತಾಯಿತು.

ಇನ್ನು ಪಿಂಚಣಿ ಕಡತ, ತಡವಾದ ಬಡ್ತಿ, ಆಡಳಿತ ಮಂಡಳಿಯ ಜೊತೆಗಿನ ಹಳೇ ಮುನಿಸು: ಮಕ್ಕಳ ಎದುರು ಒಂದಕ್ಷರವೂ ಬೇಡ.

ಕರಡು ಹೀಗಿರಬಹುದು

ಮೇಲೆ ಹೇಳಿದ ಟೀಚರ್‌ಗಾಗಿ ಕಟ್ಟಿದ ಭಾಷಣದ ಮುಖ್ಯ ಭಾಗಗಳು ಇವು. ಗ್ರಂಥದ ಕನ್ನಡ ಬಿಟ್ಟು ತರಗತಿಯ ಕನ್ನಡಕ್ಕೆ ಇಳಿಸಿದೆ. ಮಗುವಿನ ಮಾತನ್ನು ಮಗು ಆಡಿದಂತೆಯೇ ಬಿಟ್ಟಿದೆ, ಅದನ್ನು ತಿದ್ದಿದರೆ ಜೀವ ಹೋಗುತ್ತದೆ.

> ಎಲ್ಲರಿಗೂ ನಮಸ್ಕಾರ. ಮಕ್ಕಳಾ, ಮೊದಲು ನಿಮ್ಮ ಜೊತೆ ಮಾತಾಡ್ತೀನಿ. ಕೂತು ಕೂತು ಕಾಲು ಜೋಮು ಹಿಡಿದಿದೆ ಅಂತ ಗೊತ್ತು.
>
> ಬಹಳ ಹಿಂದೆ, ಮಳೆ ಕೈಕೊಟ್ಟ ಒಂದು ವರ್ಷ, ಎಂಟನೇ ಕ್ಲಾಸಿನಲ್ಲಿ ಒಂದು ಮಗು ಎದ್ದು ನಿಂತು ಕೇಳಿತು: 'ಟೀಚರ್, ಮಳಿ ಬರಲಿಲ್ಲಂದ್ರ ದೇವರು ನಮ್ ಮ್ಯಾಲ ಸಿಟ್ಟಾಗ್ಯಾನೇನ್ರಿ?' ಪುಸ್ತಕದಲ್ಲಿ ಇದ್ದ ಉತ್ತರ ಹೇಳಿದೆ. ಮಗು ಕೂತುಕೊಂಡಿತು. ಮುಂದಿನ ವಾರ ಹಾಜರಿ ಕರೆದಾಗ ಅದು ಇರಲಿಲ್ಲ. ಮನೆಯವರು ಗುಳೆ ಹೋಗಿದ್ದರು. ಅವತ್ತು ಆ ಮಗು ನನ್ನನ್ನ ಕೇಳಿದ್ದು, ನಾವು ಊರು ಬಿಡಬೇಕಾ ಅಂತ. ನನಗೆ ಅದು ಕೇಳಿಸಲಿಲ್ಲ.
>
> ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಯಾರು ಏನೇ ಕೇಳಿದರೂ ಮೊದಲು 'ಯಾಕೆ ಕೇಳಿದಿ?' ಅಂತಿದ್ದೆ. ನೀವು ಬೆನ್ನ ಹಿಂದೆ ನನಗೆ 'ಯಾಕೆ ಟೀಚರ್' ಅಂತ ಹೆಸರಿಟ್ಟಿದ್ದೂ ಗೊತ್ತಿದೆ.
>
> ಇನ್ನೊಂದು ಮಾತು. ಪ್ರಾರ್ಥನೆ ಬಾಯಿಪಾಠ ಬರಲಿಲ್ಲ ಅಂತ ಕೆಲವರನ್ನ ಇಡೀ ಪಿರಿಯಡ್ ನಿಲ್ಲಿಸಿದ್ದೇನೆ. ಪ್ರಾರ್ಥನೆ ಅಂದರೆ ಶಿಕ್ಷೆ ಅಂತ ನಿಮಗೆ ಅನಿಸಿದ್ದರೆ ಅದನ್ನ ಕಲಿಸಿದವಳು ನಾನೇ. ಕ್ಷಮಿಸಿ.
>
> ಈಗ ನನ್ನ ಸ್ಟಾಫ್ ರೂಮಿನವರಿಗೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನನ್ನ ಪಿರಿಯಡ್ ಕೇಳ್ತಿದ್ದಿರಿ. ಕೊಡ್ತಿದ್ದೆ, ಒಳಗೊಳಗೆ ಗೊಣಗ್ತಿದ್ದೆ. ಈ ವರ್ಷ ಫೆಬ್ರವರಿ ಮುಗಿದರೂ ಯಾರೂ ಕೇಳಲಿಲ್ಲ. ಕೊನೆಯ ವರ್ಷ ಅಂತ ನೀವೆಲ್ಲ ಮಾತಾಡಿಕೊಂಡು ಬಿಟ್ಟಿರಿ ಅಂತ ನನಗೆ ಆಮೇಲೆ ತಿಳಿಯಿತು. ಆ ಪಿರಿಯಡ್‌ಗಳಿಗೆ ನಾನು ಋಣಿ.
>
> ನಾನು ನಂಬಿದ ದೇವರ ಹತ್ತಿರ ನಿಮ್ಮ ಹೆಸರು ಹೇಳ್ತೀನಿ. ಕೆಳಗೆ ಇಳಿದ ಮೇಲೆ ಯಾರೂ ಕಾಲಿಗೆ ಬೀಳಬೇಡಿ, ಕೈ ಕೊಡಿ. ಬರ್ತೀನಿ.

ಇದರಲ್ಲಿ ಉಪದೇಶದ ವಾಕ್ಯ ಒಂದೂ ಇಲ್ಲ ಎಂಬುದನ್ನು ನೋಡಿ. 'ಪ್ರಶ್ನೆಯ ಹಿಂದಿನ ನೋವನ್ನು ಅರಿಯಬೇಕು' ಎಂದು ಒಂದು ಸಾಲು ಸೇರಿಸಲು ಕೈ ತುರಿಸುತ್ತದೆ. ಸೇರಿಸಿದರೆ ಗುಳೆ ಹೋದ ಮಗು ನೀತಿಕಥೆಯ ಪಾತ್ರವಾಗಿಬಿಡುತ್ತದೆ. ಕರಡು ಮುಗಿದ ಮೇಲೆ ಪ್ರತಿ ಪ್ಯಾರಾಕ್ಕೂ ಒಂದು ಪರೀಕ್ಷೆ ಮಾಡಿ: ಇದನ್ನು ಭಾನುವಾರದ ಪೂಜೆಯಲ್ಲೋ, ಮಸೀದಿಯಲ್ಲೋ, ಮಠದ ಪ್ರವಚನದಲ್ಲೋ ಹಾಗೆಯೇ ಹೇಳಬಹುದೇ? ಹೇಳಬಹುದಾದರೆ ಅದು ಈ ಭಾಷಣದ್ದಲ್ಲ.

ಕಾಲಿಗೆ ಬೀಳಬೇಡಿ ಎಂಬ ಸಾಲು ಸುಮ್ಮನೆ ಬಂದದ್ದಲ್ಲ. ಭಾಷಣ ಮುಗಿದೊಡನೆ ಮಕ್ಕಳು ಸಾಲುಗಟ್ಟಿ ಬಂದು ಪಾದ ಮುಟ್ಟುತ್ತಾರೆ. ದೇವರಿಗಲ್ಲದೆ ಬೇರೆಯವರಿಗೆ ಬಾಗಬಾರದು ಎಂದು ಮನೆಯಲ್ಲಿ ಕಲಿತ ಮಕ್ಕಳು ಆ ಸಾಲಿನಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಾರೆ ಅಥವಾ ದೂರವೇ ಉಳಿಯುತ್ತಾರೆ. ಎಲ್ಲರಿಗೂ ಒಂದೇ ದಾರಿ ನೀವೇ ತೋರಿಸಿದರೆ ಆ ಇಕ್ಕಟ್ಟು ಇರುವುದಿಲ್ಲ.

ದೀನಿಯಾತ್ ಕಲಿಸಿದ ಮೌಲ್ವಿ ಸಾಹೇಬರು ಉರ್ದು ಶಾಲೆಯಲ್ಲಿ ಮಾತಾಡುವುದಾದರೆ ಸಲಾಂನಿಂದಲೇ ಶುರುಮಾಡುವುದು ಸಹಜ. ಮಠದ ಶಾಲೆಯಲ್ಲಿ ಪೂಜ್ಯರು ಸಾನ್ನಿಧ್ಯ ವಹಿಸಿದ್ದರೆ ಮೊದಲ ನಮನ ಅವರಿಗೆ, ಮತ್ತು ಕೊನೆಯಲ್ಲಿ ಅವರ ಆಶೀರ್ವಚನ ಇರುವುದರಿಂದ ನಿಮ್ಮ ಹಾರೈಕೆ ಒಂದೇ ಸಾಲಿನದಾಗಲಿ. ಉಳಿದ ಕಟ್ಟಡ ಬದಲಾಗದು.

ದತ್ತಿ ಘೋಷಿಸುವುದಿದ್ದರೆ

ನಿವೃತ್ತರಾಗುವವರು ಶಾಲೆಗೆ ದತ್ತಿನಿಧಿ ಇಡುವುದುಂಟು. ಧರ್ಮ ಶಿಕ್ಷಕರ ದತ್ತಿಗೆ ಒಂದು ತೊಡಕಿದೆ: ಬಹುಮಾನ ಯಾರಿಗೆ? ಧರ್ಮೋಪದೇಶದಲ್ಲಿ ಮೊದಲು ಬಂದವರಿಗೆ ಎಂದರೆ ಸಭೆಯ ಬಹುಪಾಲು ಮಕ್ಕಳು ಆಗಲೇ ಹೊರಗುಳಿದರು. ಎಲ್ಲರಿಗೂ ಇರುವ ಮೌಲ್ಯ ಶಿಕ್ಷಣಕ್ಕೋ, ಒಂದು ಪ್ರಬಂಧ ಸ್ಪರ್ಧೆಗೋ ಇಡುವುದು ಮೇಲು. ಲೆಕ್ಕವನ್ನೂ ಮೊದಲೇ ಹಾಕಿ. 25,000 ರೂಪಾಯಿ ಠೇವಣಿಗೆ ಶೇ. 6 ಬಡ್ಡಿ ಬಂದರೆ ವರ್ಷಕ್ಕೆ 1,500 ರೂಪಾಯಿ, ಅಂದರೆ 500ರ ಮೂರು ಬಹುಮಾನ. ಮೊತ್ತ, ನಿಯಮ ಎಲ್ಲವನ್ನೂ ಆಡಳಿತ ಮಂಡಳಿಗೆ ಬರವಣಿಗೆಯಲ್ಲಿ ಕೊಟ್ಟು, ಘೋಷಣೆಯನ್ನು ಮುಖ್ಯ ಗುರುಗಳಿಗೆ ಬಿಡಿ. ನಿಮ್ಮ ಬಾಯಲ್ಲಿ ಬಂದರೆ ಅಷ್ಟರವರೆಗಿನ ಮಾತೆಲ್ಲ ಅದರ ಪೀಠಿಕೆಯಂತೆ ಕಾಣುತ್ತದೆ.

ವೇದಿಕೆಯ ಮೇಲೆ

ಹಾಳೆಯನ್ನು ಜೇಬಿನಲ್ಲೋ ಪರ್ಸಿನಲ್ಲೋ ಇಟ್ಟುಕೊಂಡು ಮೇಲೆ ಮೂರು ಶಾಲು, ಎರಡು ಹಾರ ಬಿದ್ದರೆ ಅದು ಕೈಗೆ ಸಿಗುವುದಿಲ್ಲ. ಒಂದು ಪ್ರತಿಯನ್ನು ನಿರೂಪಕರ ಹತ್ತಿರ ಮೊದಲೇ ಕೊಟ್ಟಿರಿ. ಮಾತಿಗೆ ಎದ್ದ ಕೂಡಲೇ ಹಾರ ತೆಗೆದು ಕುರ್ಚಿಯ ಮೇಲಿಡಿ, ಶಾಲು ಒಂದೇ ಇರಲಿ. ಹಾರ ಮೈಕಿಗೆ ತಾಗಿದರೆ ಪ್ರತಿ ಉಸಿರಿಗೂ ಕರಕರ ಸದ್ದು ಬರುತ್ತದೆ. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು ಬಿಡಿ. ಕರೆಂಟು ಹೋದರೆ ಕೂಗಲು ಹೋಗಬೇಡಿ, ವೇದಿಕೆಯಿಂದ ಇಳಿದು ಮಕ್ಕಳ ಮೊದಲ ಸಾಲಿನ ಹತ್ತಿರ ನಿಂತು ಮುಂದುವರಿಸಿ. ಬಹಳ ಸಲ ಅದೇ ಚೆನ್ನಾಗಿರುತ್ತದೆ.

ಅಕ್ಷರ ದೊಡ್ಡದಾಗಿರಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆದಿರಲಿ, ಪ್ರತಿ ಹಾಳೆಗೂ ಸಂಖ್ಯೆ ಇರಲಿ. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದರೆ ಗಂಟಲು ಎಲ್ಲಿ ಕಟ್ಟುತ್ತದೆಂದು ತಿಳಿಯುತ್ತದೆ. ತೀರಿಹೋದ ಸಹೋದ್ಯೋಗಿಯ ಹೆಸರು, ಮನೆಯವರ ಮಾತು ಬರುವ ಜಾಗ ಅದಾಗಿರುತ್ತದೆ. ಅಲ್ಲಿ ಹಾಳೆಯ ಅಂಚಿಗೆ ಒಂದು ಗುರುತು ಹಾಕಿ. ಗುರುತು ಬಂದಾಗ ನಿಲ್ಲಿಸಿ, ಒಂದು ಗುಟುಕು ನೀರು ಕುಡಿದು, ಮುಂದಿನ ವಾಕ್ಯವನ್ನು ನಿಧಾನವಾಗಿ ಓದಿ. ಆ ಸಾಲು ಭಾಷಣದ ಕೊನೆಯಲ್ಲಿದ್ದರೆ ನಡುವಿಗೆ ತನ್ನಿ. ಕೊನೆಯ ಸಾಲಿನಲ್ಲಿ ಗಂಟಲು ಕಟ್ಟಿದರೆ ಮಾತು ಮುಗಿಯಿತೋ ಇಲ್ಲವೋ ಸಭೆಗೆ ತಿಳಿಯದೆ, ಅರ್ಧಂಬರ್ಧ ಚಪ್ಪಾಳೆ ಬೀಳುತ್ತದೆ.

ಮೇ 31

ಆ ದಿನ ಶಾಲೆಯಲ್ಲಿ ಸಹೋದ್ಯೋಗಿಗಳು ಮಾತ್ರ ಇರುತ್ತಾರೆ. ಬೀರುವಿನ ಬೀಗದ ಕೈ, ಧರ್ಮೋಪದೇಶದ ಪುಸ್ತಕಗಳ ಪಟ್ಟಿ, ಪೋಷಕರ ಒಪ್ಪಿಗೆ ಪತ್ರಗಳ ಕಡತ ಎಲ್ಲವನ್ನೂ ಮುಂದೆ ಈ ಪಿರಿಯಡ್ ತೆಗೆದುಕೊಳ್ಳುವವರ ಕೈಗೆ ಕೊಟ್ಟು ಸಹಿ ಮಾಡಿಸಿ. ಬಿಡುಗಡೆ ಆದೇಶ ಕೈಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಜೊತೆ ಎರಡು ನಿಮಿಷ ಮಾತಾಡಿ, ಕಾಗದವಿಲ್ಲದೆ. ಮಕ್ಕಳ ಎದುರು ಆಗದ ಎರಡು ಸಂಗತಿಗೆ ಇದು ಜಾಗ. ಮುನಿಸಿಕೊಂಡಿದ್ದ ಸಹೋದ್ಯೋಗಿಯ ಹತ್ತಿರ ನೇರವಾಗಿ ಹೋಗಿ ಹೇಳಬೇಕಾದದ್ದನ್ನು ಹೇಳಬಹುದು. ಬಯಸಿದವರು ಇದ್ದರೆ ಜೊತೆಗೆ ನಿಂತು ಪ್ರಾರ್ಥಿಸಲೂಬಹುದು. ಉಳಿದವರು ಆ ಹೊತ್ತಿಗೆ ಚಹಾದ ಲೋಟ ಇಡಲು ಹೊರಗೆ ಹೋಗುವಷ್ಟು ಬಿಡುವು ಕೊಟ್ಟು ಶುರುಮಾಡಿ.